ಉತ್ತರ ಹೇಳದ ಚಾಟ್‌ಬಾಟ್: ಅರಿವು ಕೇಂದ್ರದಲ್ಲಿ ಗಣಿತ ಅಭ್ಯಾಸಕ್ಕೆ ನಿರ್ದೇಶನ ಬರೆಯುವ ಕ್ರಮ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಗಣಕಯಂತ್ರ ಮತ್ತು ಅಂತರ್ಜಾಲ ಸಂಪರ್ಕ ಇರುವೆಡೆ ಪ್ರೌಢಶಾಲಾ ಮಕ್ಕಳು ಗಣಿತದ ಮನೆಗೆಲಸಕ್ಕೆ ಚಾಟ್‌ಬಾಟ್ ಬಳಸುವುದು ಸಹಜ. ಲೆಕ್ಕವನ್ನು ಬೆರಳಚ್ಚಿಸಿದ ಕೂಡಲೇ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಡಿಸಿದ ಉತ್ತರ ಪರದೆಯ ಮೇಲೆ ಬರುತ್ತದೆ, ಮಗು ಅದನ್ನು ನೋಟ್‌ಪುಸ್ತಕಕ್ಕೆ ಇಳಿಸಿಕೊಳ್ಳುತ್ತದೆ. ಕೇಂದ್ರದ ಹಾಜರಾತಿ ಪುಸ್ತಕದಲ್ಲಿ ಇದು ಒಂದು ಗಂಟೆಯ ಅಧ್ಯಯನವೆಂದೇ ದಾಖಲಾಗುತ್ತದೆ. ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಯಲ್ಲಿ ಆ ಪರದೆ ಇರುವುದಿಲ್ಲ.

ಇದರ ಪರಿಣಾಮವನ್ನು ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಮೇಲೆ ಅಳೆದು ನೋಡಲಾಗಿದೆ. ಅಧ್ಯಯನದ ವರದಿ 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ, ಎರಡನೆಯದಕ್ಕೆ ಸಾಮಾನ್ಯ ಚಾಟ್‌ಬಾಟ್, ಮೂರನೆಯದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ನಿರ್ದೇಶಿಸಲಾದ ಚಾಟ್‌ಬಾಟ್. ಅಭ್ಯಾಸದ ವೇಳೆ, ಪುಸ್ತಕದ ಗುಂಪಿಗೆ ಹೋಲಿಸಿದರೆ, ಎರಡನೆಯ ಗುಂಪಿನ ಅಂಕ ಶೇಕಡ 48ರಷ್ಟು ಮತ್ತು ಮೂರನೆಯದು ಶೇಕಡ 127ರಷ್ಟು ಹೆಚ್ಚಾಯಿತು. ನಂತರ ಯಂತ್ರವಿಲ್ಲದೆ ಪರೀಕ್ಷೆ ನಡೆಸಿದಾಗ ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಪುಸ್ತಕದ ಗುಂಪಿಗಿಂತ ಶೇಕಡ 17ರಷ್ಟು ಕೆಳಗಿದ್ದರು. ತಾವು ಕಡಿಮೆ ಕಲಿತಿದ್ದೇವೆಂಬ ಅರಿವೂ ಅವರಿಗಿರಲಿಲ್ಲ. ಸುಳಿವಿನ ಗುಂಪಿನಲ್ಲಿ ಈ ನಷ್ಟ ಬಹುಮಟ್ಟಿಗೆ ಇಲ್ಲವಾಯಿತು. ಆದರೆ ಪುಸ್ತಕದ ಗುಂಪಿಗಿಂತ ಅವರು ಮುಂದೆಯೂ ಹೋಗಲಿಲ್ಲ. ಸುಳಿವಿನ ನಿರ್ದೇಶನದಿಂದ ಹಾನಿ ತಪ್ಪುತ್ತದೆ ಎಂಬಷ್ಟನ್ನು ಇದರಿಂದ ಹೇಳಬಹುದು. ಫಲಿತಾಂಶ ಏರುತ್ತದೆಂದು ಸಭೆಯಲ್ಲಿ ಭರವಸೆ ಕೊಡುವಂತಿಲ್ಲ.

ನಿರ್ದೇಶನ ಎಂದರೆ ಮಗು ಕೂರುವ ಮೊದಲು ಚಾಟ್‌ಬಾಟ್‌ಗೆ ಬರೆದು ಕೊಡುವ ನಿಯಮಗಳ ಒಕ್ಕಣೆ. "ಉತ್ತರ ಹೇಳಬೇಡ" ಎಂಬ ಒಂದೇ ಸಾಲು ಸಾಲದು. ಮಗು ಎರಡು ಸಲ ಒತ್ತಾಯಿಸಿದರೆ ಅದು ಉತ್ತರವನ್ನು ಹೇಳಿಬಿಡುತ್ತದೆ. ಹಂತಗಳನ್ನೂ, ಹಂತ ಏರುವ ಷರತ್ತನ್ನೂ ಬರೆಯಬೇಕಾಗುತ್ತದೆ. ಹತ್ತನೆಯ ತರಗತಿಗೆ ಹೊಂದುವ ಒಂದು ಒಕ್ಕಣೆ ಇಂತಿದೆ:

"ನೀನು ಹತ್ತನೆಯ ತರಗತಿಯ ಗಣಿತ ಬೋಧಕ. ಕನ್ನಡ ಪಠ್ಯಪುಸ್ತಕದ ಪದಗಳನ್ನೇ ಬಳಸು. ವಿದ್ಯಾರ್ಥಿ ಲೆಕ್ಕ ಬರೆದಾಗ, ಇಲ್ಲಿಯವರೆಗೆ ಏನು ಪ್ರಯತ್ನಿಸಿದೆ ಎಂದು ಮೊದಲು ಕೇಳು. ಒಂದು ಬಾರಿಗೆ ಒಂದೇ ಪ್ರಶ್ನೆ ಕೇಳಿ ನಿಲ್ಲು. ಮೊದಲ ಸುಳಿವು: ಏನು ಕೊಟ್ಟಿದೆ, ಏನು ಬೇಕು ಎಂಬ ಪ್ರಶ್ನೆ. ಎರಡನೆಯದು: ಯಾವ ಸೂತ್ರ ಅನ್ವಯಿಸುತ್ತದೆ ಎಂಬತ್ತ ಒಯ್ಯುವ ಪ್ರಶ್ನೆ. ಮೂರನೆಯದು: ಮುಂದಿನ ಒಂದು ಹೆಜ್ಜೆ ಮಾತ್ರ. ನಾಲ್ಕನೆಯದು: ಬೇರೆ ಸಂಖ್ಯೆಗಳಿರುವ ಇಂಥದೇ ಲೆಕ್ಕವನ್ನು ಬಿಡಿಸಿ ತೋರಿಸುವುದು. ವಿದ್ಯಾರ್ಥಿ ತನ್ನ ಪ್ರಯತ್ನ ಬರೆದ ನಂತರವೇ ಮುಂದಿನ ಸುಳಿವಿಗೆ ಹೋಗು. 'ಗೊತ್ತಿಲ್ಲ', 'ಉತ್ತರ ಹೇಳು' ಎಂದರೆ ಅದೇ ಪ್ರಶ್ನೆಯನ್ನು ಇನ್ನೂ ಚಿಕ್ಕದಾಗಿ ಒಡೆದು ಕೇಳು. ಕೊಟ್ಟ ಲೆಕ್ಕದ ಅಂತಿಮ ಉತ್ತರವನ್ನು ಹೇಳಬೇಡ. ವಿದ್ಯಾರ್ಥಿ ಉತ್ತರ ಬರೆದರೆ, ಸರಿಯೋ ತಪ್ಪೋ ಹೇಳುವ ಮುನ್ನ ಅವನಿಂದಲೇ ತಾಳೆ ನೋಡಿಸು."

ಈ ನಿರ್ದೇಶನದ ಅಡಿಯಲ್ಲಿ ಅಭ್ಯಾಸ ಹೇಗೆ ಸಾಗಬೇಕೆಂಬುದನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಆಯತಾಕಾರದ ಒಂದು ಕೈತೋಟದ ಉದ್ದ ಅದರ ಅಗಲಕ್ಕಿಂತ 5 ಮೀಟರ್ ಹೆಚ್ಚು; ವಿಸ್ತೀರ್ಣ 84 ಚದರ ಮೀಟರ್; ಉದ್ದ ಮತ್ತು ಅಗಲ ಎಷ್ಟು? ವಿದ್ಯಾರ್ಥಿನಿ ಅಗಲವನ್ನು x, ಉದ್ದವನ್ನು x + 5 ಎಂದು ಸರಿಯಾಗಿಯೇ ಬರೆದು, ಬಳಿಕ x + x + 5 = 84 ಎಂದು ಕೂಡಿಸುತ್ತಾಳೆ. ಅವಳಿಗೆ ಅಗಲ 39.5 ಮೀಟರ್ ಬರುತ್ತದೆ. ಸಾಮಾನ್ಯ ಚಾಟ್‌ಬಾಟ್ ಆದರೆ ಇಲ್ಲಿ ಸಮೀಕರಣವನ್ನೇ ತಿದ್ದಿ ಉಳಿದುದನ್ನೂ ಬಿಡಿಸಿಬಿಡುತ್ತದೆ. ನಿರ್ದೇಶಿತ ಚಾಟ್‌ಬಾಟ್ ಕೇಳಬೇಕಾದುದು ಇಷ್ಟೆ: "ಅಗಲ 39.5, ಉದ್ದ 44.5 ಆದರೆ ತೋಟದ ವಿಸ್ತೀರ್ಣ ಎಷ್ಟಾಗುತ್ತದೆ?" ಗುಣಿಸಿದಾಗ ಅದು 1,700 ದಾಟುತ್ತದೆ. 84 ಎಲ್ಲಿ, 1,700 ಎಲ್ಲಿ! ಕೂಡಿಸಿದ್ದು ತಪ್ಪೆಂದು ಯಾರೂ ಹೇಳದೆಯೇ ಅವಳಿಗೆ ತಿಳಿಯುತ್ತದೆ.

ಆಗ ಅವಳು x(x + 5) = 84 ಎಂದು ತಿದ್ದಿಕೊಂಡು x² + 5x − 84 = 0 ಎಂಬಲ್ಲಿಗೆ ಬಂದು ನಿಂತರೆ, ಮೂರನೆಯ ಸುಳಿವು: "ಗುಣಲಬ್ಧ −84, ಮೊತ್ತ 5 ಆಗುವ ಎರಡು ಸಂಖ್ಯೆಗಳು ಯಾವುವು?" ಇಲ್ಲೂ ಸಿಕ್ಕಿಹಾಕಿಕೊಂಡರೆ ನಾಲ್ಕನೆಯದು, ಅಂದರೆ ಉದ್ದ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಇರುವ ಬೇರೆ ತೋಟ. ಅದರಲ್ಲಿ x² + 3x − 40 = 0 ಎಂಬುದು (x + 8)(x − 5) = 0 ಆಗಿ ಅಗಲ 5, ಉದ್ದ 8 ಎಂದು ತೋರಿಸಲಾಗುತ್ತದೆ. ಅದನ್ನು ನೋಡಿಕೊಂಡು ತನ್ನ ಲೆಕ್ಕದ 12 ಮತ್ತು −7ನ್ನು ಅವಳೇ ಹುಡುಕಬೇಕು. x ಬೆಲೆ 7 ಅಥವಾ −12 ಎಂದು ಬಂದಾಗ ಕೊನೆಯ ಪ್ರಶ್ನೆಯೊಂದು ಉಳಿಯುತ್ತದೆ: "ತೋಟದ ಅಗಲ −12 ಮೀಟರ್ ಇರಬಹುದೇ?" ಮೂರು ನಿಮಿಷದಲ್ಲಿ ನಕಲಾಗುತ್ತಿದ್ದ ಲೆಕ್ಕಕ್ಕೆ ಈಗ ಕಾಲು ಗಂಟೆ ಹಿಡಿಯುತ್ತದೆ. ಈ ವಿಳಂಬಕ್ಕೆ ಪೋಷಕರು ಆಕ್ಷೇಪಿಸಿದರೆ ಸದಸ್ಯರು ಕಾರಣ ತಿಳಿಸಬೇಕಾಗುತ್ತದೆ.

ಈ ಕ್ರಮದಲ್ಲಿ ಕೆಡುವ ಸಂಗತಿಗಳೂ ಇವೆ. ಮೊದಲನೆಯದು, ಮಗು ಪ್ರಯತ್ನಿಸದೆ ಸುಳಿವಿನ ಮೇಲೆ ಸುಳಿವು ಕೇಳುತ್ತ ಕೊನೆಯ ಹಂತಕ್ಕೆ ಹೋಗಿಬಿಡುವುದು. ಮಾತುಕತೆಯಲ್ಲಿ ಮಗು ಬರೆದ ಸಾಲುಗಳನ್ನು ಮಾತ್ರ ಓದಿದರೆ ಇದು ಕಂಡುಬರುತ್ತದೆ: ಅವುಗಳಲ್ಲಿ ಸಮೀಕರಣ, ಸಂಖ್ಯೆ ಇರಬೇಕು; ಬರೀ "ಮುಂದೆ", "ಗೊತ್ತಿಲ್ಲ" ಇದ್ದರೆ ಕಲಿಕೆ ನಡೆದಿಲ್ಲ. ಮಾತುಕತೆ ಬಹಳ ಉದ್ದವಾದಾಗ ಚಾಟ್‌ಬಾಟ್ ಆರಂಭದ ನಿಯಮಗಳನ್ನು ಸಡಿಲಿಸುವುದೂ ಉಂಟು. ಆದುದರಿಂದ ಪ್ರತಿ ಲೆಕ್ಕಕ್ಕೂ ಹೊಸ ಮಾತುಕತೆ ತೆರೆದು ನಿರ್ದೇಶನವನ್ನು ಮತ್ತೆ ಹಾಕುವುದು ಲೇಸು.

ಎರಡನೆಯದು ಹೆಚ್ಚು ಗಂಭೀರ. ಚಾಟ್‌ಬಾಟ್ ತಾನೇ ತಪ್ಪು ಲೆಕ್ಕ ಮಾಡಿ, ಮಗುವಿನ ಸರಿಯಾದ ಹೆಜ್ಜೆಯನ್ನು ತಪ್ಪೆನ್ನಬಹುದು; ತಪ್ಪು ಹೆಜ್ಜೆಗೆ ಭೇಷ್ ಎನ್ನಲೂಬಹುದು. ಟರ್ಕಿಯ ಅಧ್ಯಯನದಲ್ಲಿ ಸಾಮಾನ್ಯ ಚಾಟ್‌ಬಾಟ್ ಸುಮಾರು ಅರ್ಧದಷ್ಟು ಸಲ ಮಾತ್ರ ಸರಿಯುತ್ತರ ಕೊಟ್ಟಿತ್ತು. ಅಂದಿನಿಂದ ಯಂತ್ರಗಳು ಸುಧಾರಿಸಿವೆ, ತಪ್ಪು ನಿಂತಿಲ್ಲ. ಆ ಅಧ್ಯಯನದ ಸುಳಿವಿನ ಗುಂಪಿಗೆ ಶಿಕ್ಷಕರು ಪ್ರತಿ ಲೆಕ್ಕದ ಸರಿಯುತ್ತರವನ್ನೂ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ, ಅವುಗಳಿಗೆ ತಕ್ಕ ಸುಳಿವುಗಳನ್ನೂ ನಿರ್ದೇಶನದಲ್ಲೇ ಸೇರಿಸಿದ್ದರು. ಇಲ್ಲಿಯೂ ಅದೇ ದಾರಿ. ಮೇಲಿನ ಲೆಕ್ಕಕ್ಕೆ "ಉತ್ತರ: ಅಗಲ 7, ಉದ್ದ 12. ಸಾಮಾನ್ಯ ತಪ್ಪು: ಉದ್ದ ಮತ್ತು ಅಗಲವನ್ನು ಕೂಡಿಸುವುದು; ಅಪವರ್ತನದಲ್ಲಿ ಚಿಹ್ನೆ ಅದಲುಬದಲು" ಎಂದು ಸೇರಿಸಬೇಕು. ಇದನ್ನು ಬರೆಯಬಲ್ಲವರು ಶಾಲೆಯ ಗಣಿತ ಶಿಕ್ಷಕರು. ಅರಿವು ಕೇಂದ್ರದ ಮೇಲ್ವಿಚಾರಕರ ಮೇಲೆ ಈ ಹೊಣೆ ಹೊರಿಸುವುದು ಸರಿಯಲ್ಲ. ಉತ್ತರವಿರುವ ನಿರ್ದೇಶನವನ್ನು ಮಾತುಕತೆಯ ಕಿಟಕಿಯಲ್ಲೇ ಅಂಟಿಸಿದರೆ ಮಗು ಮೇಲಕ್ಕೆ ಸರಿಸಿ ಓದಿಕೊಳ್ಳುತ್ತದೆ. ಆದುದರಿಂದ ಅದನ್ನು ಸೆಟ್ಟಿಂಗ್ಸ್‌ನ ಸ್ಥಿರ ನಿರ್ದೇಶನದ ಜಾಗದಲ್ಲಿ ಹಾಕಬೇಕು. ಮಗುವಿನ ಹೆಸರು, ಶಾಲೆ, ದೂರವಾಣಿ ಸಂಖ್ಯೆಗಳನ್ನು ಎಲ್ಲಿಯೂ ಬರೆಯಕೂಡದು.

ಅಪವರ್ತನವನ್ನೇ ಕಲಿಯದ ಮಗುವಿಗೆ ಯಾವ ಸುಳಿವೂ ನೆರವಾಗದು. ನಾಲ್ಕನೆಯ ಹಂತದ ನಂತರವೂ ಲೆಕ್ಕ ಮುಂದೆ ಸಾಗದಿದ್ದಲ್ಲಿ ಮೇಲ್ವಿಚಾರಕರು ಲೆಕ್ಕದ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಗುರುತಿಸಿ ವಾರಕ್ಕೊಮ್ಮೆ ಶಿಕ್ಷಕರಿಗೆ ತಲುಪಿಸಬಹುದು. ಅಭ್ಯಾಸ ಮುಗಿದ ಮೇಲೆ ಪರದೆ ಆರಿಸಿ, ಸಂಖ್ಯೆ ಬದಲಿಸಿದ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿಸಬೇಕು: ಉದ್ದ 4 ಮೀಟರ್ ಹೆಚ್ಚು, ವಿಸ್ತೀರ್ಣ 96. ಅಗಲ 8, ಉದ್ದ 12 ಎಂದು ಮಗು ಹೆಜ್ಜೆ ಸಹಿತ ಬರೆದ ಹಾಳೆಯನ್ನೇ ಕೇಂದ್ರಕ್ಕೆ ಭೇಟಿ ನೀಡುವ ಸದಸ್ಯರು ಕೇಳಿ ನೋಡಬೇಕು.