ಡ್ರಿಪ್ಪರ್ ಕಟ್ಟಿದರೆ ಯಾವ ಆಮ್ಲ, ಎಷ್ಟು?

ಬೋರ್‌ವೆಲ್ ನೀರು ಗಡಸಾಗಿದ್ದರೆ ಡ್ರಿಪ್ಪರ್ ಬಾಯಿಗೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಕೆರೆದು ಒಂದು ಹನಿ ಆಮ್ಲ ಬಿಡಿ. ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಬಾರದಿದ್ದರೆ ಪಾಚಿಯೋ ಮಣ್ಣೋ ಇರಬಹುದು, ಆಮ್ಲ ದಂಡ.

ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದು ಆಮ್ಲ, ಹೈಡ್ರಾಕ್ಸೈಡ್ ಬಿಡುವುದು ಪ್ರತ್ಯಾಮ್ಲ ಎಂದವರು ಅರೇನಿಯಸ್. ಅರಳಿಸಿದ ಸುಣ್ಣಕ್ಕೆ ಇದು ಸರಿ. ಆದರೆ ಈ ಬಿಳಿ ಪದರದಲ್ಲಿ ಹೈಡ್ರಾಕ್ಸೈಡೇ ಇಲ್ಲ, ಆದರೂ ಆಮ್ಲವನ್ನು ನುಂಗುತ್ತದೆ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಕೊಟ್ಟ ವ್ಯಾಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಕಾರ್ಬೊನೇಟೂ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟೂ ಪ್ರೋಟಾನ್ ತೆಗೆದುಕೊಂಡು ಕಾರ್ಬೊನಿಕ್ ಆಮ್ಲವಾಗುತ್ತವೆ. ಅದು ಒಡೆದು ಅನಿಲವಾಗಿ ಹೊರಬರುವುದೇ ಆ ನೊರೆ. ಅದೇ ವರ್ಷ ಲೂಯಿಸ್ ಎಲೆಕ್ಟ್ರಾನ್ ಜೋಡಿಯ ಲೆಕ್ಕದಲ್ಲಿ ಇನ್ನೂ ವಿಶಾಲವಾದ ವ್ಯಾಖ್ಯೆ ಕೊಟ್ಟರು. ಡ್ರಿಪ್ಪಿಗೆ ಅದು ಬೇಡ.

ಬಲವನ್ನು ಅಳೆಯುವುದು ಪಿಕೆಎ ಅಂಕಿಯಿಂದ. ಅಂಕಿ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಕಾರ್ಬೊನಿಕ್ ಆಮ್ಲದ್ದು ಸುಮಾರು 6.4, ವಿನೆಗರಿನ ಅಸಿಟಿಕ್ ಆಮ್ಲದ್ದು 4.8, ಫಾಸ್ಫಾರಿಕ್ ಆಮ್ಲದ್ದು 2.1. ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್, ನೈಟ್ರಿಕ್ ನೀರಿಗೆ ಬಿದ್ದ ಕೂಡಲೇ ಪ್ರೋಟಾನ್ ಕೊಟ್ಟುಬಿಡುತ್ತವೆ.

ಕಾರ್ಬೊನಿಕ್‌ಗಿಂತ ಪ್ರಬಲವಾದ ಹೆಚ್ಚಿನ ಆಮ್ಲಗಳು ಈ ಪದರವನ್ನು ಕರಗಿಸಬಲ್ಲವು, ವಿನೆಗರ್ ಕೂಡ. ತೊಡಕಿರುವುದು ಪ್ರಮಾಣದಲ್ಲಿ. ಬಕೆಟ್ಟಿನಲ್ಲಿ ನಿಮ್ಮದೇ 10 ಲೀಟರ್ ನೀರು ಹಿಡಿದು, ಸಿರಿಂಜಿನಿಂದ 36 ಶೇಕಡಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪ ಹಾಕಿ ಕಲಕುತ್ತ, ಪಿಎಚ್ ಪೇಪರ್ 4 ತೋರಿಸುವವರೆಗೆ ನೋಡಿ. 4.5 ಮಿಲಿ ಹಿಡಿಯಿತು ಎನ್ನೋಣ. ಗಂಟೆಗೆ 4 ಲೀಟರಿನ ಡ್ರಿಪ್ಪರ್ 1000 ಇದ್ದರೆ 15 ನಿಮಿಷಕ್ಕೆ 1000 ಲೀಟರ್ ಹರಿಯುತ್ತದೆ, ಅಂದರೆ 450 ಮಿಲಿ ಆಮ್ಲ ಬೇಕು. ಪಿಎಚ್ 4ರಲ್ಲಿ ಅಸಿಟಿಕ್ ಆಮ್ಲ ತನ್ನ ಪ್ರೋಟಾನಿನ ಏಳನೇ ಒಂದು ಪಾಲನ್ನಷ್ಟೇ ಬಿಡುವುದರಿಂದ, ಅದೇ ಕೆಲಸಕ್ಕೆ ಅಂಗಡಿಯ 5 ಶೇಕಡಾ ವಿನೆಗರ್ 40 ಲೀಟರಿನಷ್ಟು ಬೇಕಾದೀತು! ಫಾಸ್ಫಾರಿಕ್ ಆಮ್ಲಕ್ಕೆ ಬಲವಿದೆ, ಆದರೆ ಪಿಎಚ್ ಏರಿದ ಕೂಡಲೇ ಕ್ಯಾಲ್ಸಿಯಂ ಜೊತೆ ಸೇರಿ ಹೊಸ ಗಷ್ಟು ಕಟ್ಟೀತು.

ದುರ್ಬಲವಾದ ಆಮ್ಲ ನಿರಪಾಯಕಾರಿ ಎಂದುಕೊಳ್ಳಬೇಡಿ. ಗಟ್ಟಿ ಅಸಿಟಿಕ್ ಆಮ್ಲವೂ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಹಾಕಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ. ವೆಂಚುರಿಯಲ್ಲಿ ಬಿಟ್ಟ ಮೇಲೆ ಕೊನೆಯ ಡ್ರಿಪ್ಪರಿನ ನೀರನ್ನು ಪೇಪರಿನಲ್ಲಿ ನೋಡಿ. 4ರ ಸುಮಾರಿಗೆ ಬಂದಿದ್ದರೆ ಪಂಪ್ ನಿಲ್ಲಿಸಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಲ್ಯಾಟರಲ್ ತುದಿ ಬಿಚ್ಚಿ, ತಿಳಿನೀರು ಬರುವವರೆಗೆ ಹರಿಸಿ.