ಓರೆಯಾದ ಅಕ್ಷದ ಸುತ್ತ ಸದಿಶದ ಭ್ರಮಣ

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ, ರಾತ್ರಿ ಸುಮಾರು ಒಂಬತ್ತೂವರೆ ಗಂಟೆಗೆ, ಮೈಸೂರಿನಲ್ಲಿ ನಿಂತು ತಲೆಯೆತ್ತಿ ನೋಡಿದರೆ ಮಘಾ ನಕ್ಷತ್ರವು ನೆತ್ತಿಯ ಮೇಲೆಯೇ ಇರುತ್ತದೆ. ವ್ಯತ್ಯಾಸವು ಸುಮಾರು ಅರ್ಧ ಡಿಗ್ರಿ ಮಾತ್ರ. ನಾಲ್ಕು ಗಂಟೆಗಳ ತರುವಾಯ ಅದು ಎಲ್ಲಿರುತ್ತದೆ? ಅಷ್ಟರಲ್ಲಿ ಆಕಾಶವು 60 ಡಿಗ್ರಿ ತಿರುಗಿರುತ್ತದೆ. ಆದುದರಿಂದ ನಕ್ಷತ್ರವು ನೇರ ಪಶ್ಚಿಮಕ್ಕೆ 60 ಡಿಗ್ರಿ ಇಳಿದು, ಕ್ಷಿತಿಜದಿಂದ 30 ಡಿಗ್ರಿ ಎತ್ತರದಲ್ಲಿರಬೇಕೆಂದು ಹೇಳಲು ಮನಸ್ಸಾಗುತ್ತದೆ. ಈ ಉತ್ತರ ಸರಿಯಲ್ಲ. ಆಕಾಶವು ತಿರುಗುವ ಅಕ್ಷವು ಮೈಸೂರಿನಲ್ಲಿ ನೆಲಕ್ಕೆ ಸಮಾಂತರವಾಗಿಲ್ಲ. ಉತ್ತರದ ಕಡೆಗೆ 12.3 ಡಿಗ್ರಿ ಮೇಲೆದ್ದಿದೆ. ಇಂತಹ ಓರೆಯಾದ ಅಕ್ಷದ ಸುತ್ತ ತಿರುಗಿದ ದಿಕ್ಕನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ವಿಚಾರಿಸೋಣ.

ತಿರುಗಬೇಕಾದ ಸದಿಶವನ್ನು v ಎಂದೂ, ಅಕ್ಷದ ದಿಕ್ಕಿನಲ್ಲಿರುವ, ಉದ್ದ ಒಂದೇ ಮಾನವಾದ ಸದಿಶವನ್ನು k ಎಂದೂ, ತಿರುಗುವ ಕೋನವನ್ನು θ ಎಂದೂ ಕರೆಯೋಣ. v ಯನ್ನು ಎರಡು ಭಾಗಗಳಾಗಿ ಒಡೆಯಬಹುದು. ಅಕ್ಷದ ಉದ್ದಕ್ಕೂ ಇರುವ ಭಾಗ k(k·v). ಬುಗುರಿಯ ಮೊಳೆಯಂತೆ ಇದು ತನ್ನ ಸ್ಥಾನವನ್ನು ಬಿಡುವುದೇ ಇಲ್ಲ. ಉಳಿದದ್ದು ಅಕ್ಷಕ್ಕೆ ಲಂಬವಾದ ಭಾಗ, v − k(k·v). ತಿರುಗುವುದು ಇದೊಂದೇ.

ಈ ಲಂಬಭಾಗವು ಒಂದು ಸಮತಲದಲ್ಲಿ ವೃತ್ತಾಕಾರವಾಗಿ ಸುತ್ತುತ್ತದೆ. ಸಮತಲದಲ್ಲಿ ತಿರುಗುವುದನ್ನು ಬರೆಯಲು ಪರಸ್ಪರ ಲಂಬವಾದ, ಒಂದೇ ಉದ್ದದ ಎರಡು ಸದಿಶಗಳು ಬೇಕು. ಮೊದಲನೆಯದು ಲಂಬಭಾಗವೇ. ಎರಡನೆಯದನ್ನು ಹುಡುಕುವ ಶ್ರಮವಿಲ್ಲ. K × v ಎಂಬ ಗುಣಲಬ್ಧವು ಅಕ್ಷಕ್ಕೂ ಲಂಬ, v ಗೂ ಲಂಬ, ಅದರ ಉದ್ದವಾದರೋ ಲಂಬಭಾಗದ ಉದ್ದದಷ್ಟೇ. ಈ ಸೂತ್ರದ ಸೊಗಸೆಲ್ಲ ಇಲ್ಲಿಯೇ ಇದೆ ಎಂದು ನನ್ನ ಎಣಿಕೆ. ಮೊದಲನೆಯದನ್ನು cos θ ದಿಂದ, ಎರಡನೆಯದನ್ನು sin θ ದಿಂದ ಗುಣಿಸಿ, ಕದಲದ ಭಾಗವನ್ನು ಕೂಡಿಸಿ ಜೋಡಿಸಿದರೆ ದೊರೆಯುವುದು ಇದು:

v′ = v cos θ + (k × v) sin θ + k (k·v)(1 − cos θ)

ಇದನ್ನು ಫ್ರಾನ್ಸಿನ ಗಣಿತಜ್ಞ ಓಲಿಂಡ್ ರಾಡ್ರಿಗ್ಸನ ಹೆಸರಿನಿಂದ ಕರೆಯುವರು. ಭ್ರಮಣವನ್ನು ಕುರಿತ ಅವನ ಪ್ರಬಂಧವು 1840ರಲ್ಲಿ ಪ್ರಕಟವಾಯಿತು. ಇಲ್ಲಿ ನಾವು ಬಳಸಿರುವ ಸದಿಶ ಸಂಕೇತಗಳು ಬಳಕೆಗೆ ಬಂದದ್ದು ಅನಂತರ.

ಈಗ ಮಘೆಗೆ ಮರಳೋಣ. ಪೂರ್ವ, ಉತ್ತರ, ಮೇಲೆ ಎಂಬ ಕ್ರಮದಲ್ಲಿ ಮೂರು ಘಟಕಗಳನ್ನು ಬರೆಯುವುದಾದರೆ, ನೆತ್ತಿಯ ಮೇಲಿನ ನಕ್ಷತ್ರದ ದಿಕ್ಕು v = (0, 0, 1). ಅಕ್ಷದ ಎರಡು ತುದಿಗಳಲ್ಲಿ ಯಾವುದನ್ನು ಆರಿಸಬೇಕು? ಬಲಗೈಯ ಹೆಬ್ಬೆರಳನ್ನು k ಯ ದಿಕ್ಕಿಗೆ ಚಾಚಿದರೆ ಉಳಿದ ಬೆರಳುಗಳು ಮಡಿಚಿಕೊಳ್ಳುವ ಕಡೆಗೆ ಭ್ರಮಣವು ಧನ. ನಕ್ಷತ್ರಗಳು ಮೇಲಿನಿಂದ ಪಶ್ಚಿಮಕ್ಕೆ ಇಳಿಯಬೇಕಾದರೆ ಹೆಬ್ಬೆರಳು ದಕ್ಷಿಣ ಧ್ರುವವನ್ನು ತೋರಿಸಬೇಕು. ಆದುದರಿಂದ k = (0, −0.977, −0.213). ಇವು 12.3 ಡಿಗ್ರಿಯ ಕೊಸೈನ್ ಮತ್ತು ಸೈನ್‌ಗಳು, ಋಣ ಚಿಹ್ನೆಯೊಡನೆ.

ಮೊದಲ ಪದ (0, 0, 0.5). k × v = (−0.977, 0, 0), ಇದನ್ನು 0.866ರಿಂದ ಗುಣಿಸಿದರೆ ಎರಡನೆಯ ಪದ (−0.846, 0, 0). k·v = −0.213, ಇದನ್ನು 0.5ರಿಂದಲೂ k ಯಿಂದಲೂ ಗುಣಿಸಿದರೆ ಮೂರನೆಯ ಪದ (0, 0.104, 0.023). ಮೂರನ್ನೂ ಕೂಡಿಸಿದರೆ:

v′ = (−0.846, 0.104, 0.523)

0.523 ಎಂಬುದು 31.5 ಡಿಗ್ರಿಯ ಸೈನ್. ಆದುದರಿಂದ ರಾತ್ರಿ ಒಂದೂವರೆಯ ವೇಳೆಗೆ ಮಘೆಯು 31.5 ಡಿಗ್ರಿ ಎತ್ತರದಲ್ಲಿ, ನೇರ ಪಶ್ಚಿಮದಿಂದ 7 ಡಿಗ್ರಿ ಉತ್ತರಕ್ಕೆ ಸರಿದು ಕಾಣಿಸುವುದು. ಹೀಗೆ ಉತ್ತರಕ್ಕೆ ಸರಿಸಿದ್ದು ಮೂರನೆಯ ಪದವೇ.

ಲೆಕ್ಕವನ್ನು ಪರೀಕ್ಷಿಸುವ ಬಗೆ ಹೇಗೆ? ತಿರುಗಿದರೆ ಉದ್ದ ಬದಲಾಗದು. ಮೇಲಿನ ಮೂರು ಘಟಕಗಳ ವರ್ಗಗಳ ಮೊತ್ತ 1 ಆಗಿಯೇ ಬರುತ್ತದೆ. ಅಕ್ಷದೊಡನೆ ಮಾಡುವ ಕೋನವೂ ಬದಲಾಗದು. K·v′ ಮತ್ತೆ −0.213. ಮೂರನೆಯ ಪದವನ್ನು ಮರೆತವನಿಗೆ ಉದ್ದವು 0.983 ಎಂದು ಬಂದು ತಪ್ಪು ಬಯಲಾಗುತ್ತದೆ. k ಯ ಉದ್ದವನ್ನು ಒಂದಕ್ಕೆ ತಾರದೆ ಸೂತ್ರಕ್ಕೆ ಹಾಕುವುದು ವಿದ್ಯಾರ್ಥಿಗಳಲ್ಲಿ ಬಹು ಸಾಮಾನ್ಯ. ಅಕ್ಷವು (1, 1, 1) ಎಂದು ಕೊಟ್ಟಿದ್ದರೆ ಪ್ರತಿ ಘಟಕವನ್ನೂ √3ರಿಂದ ಭಾಗಿಸಿಯೇ ಮುಂದುವರಿಯಬೇಕು.

ಆದರೆ ಈ ಎರಡು ಪರೀಕ್ಷೆಗಳಿಗೂ ಸಿಕ್ಕದ ತಪ್ಪೊಂದಿದೆ. ಅಕ್ಷವನ್ನು ಉತ್ತರ ಧ್ರುವದ ಕಡೆಗೆ ಹಿಡಿದರೆ, ಅಥವಾ k × v ಬದಲು v × k ಎಂದು ಬರೆದರೆ, ಉತ್ತರವು (0.846, 0.104, 0.523) ಎಂದು ಬರುತ್ತದೆ. ಉದ್ದವೂ ಸರಿ, ಅಕ್ಷದೊಡನೆ ಕೋನವೂ ಸರಿ. ನಕ್ಷತ್ರ ಮಾತ್ರ ಪೂರ್ವದಲ್ಲಿದೆ! ಅದು ನಾಲ್ಕು ಗಂಟೆಗಳ ಹಿಂದೆ, ಸಂಜೆ ಐದೂವರೆಗೆ, ಹಗಲ ಬೆಳಕಿನಲ್ಲಿ ಅಡಗಿ ಮಘೆಯಿದ್ದ ಸ್ಥಾನ. ಇದನ್ನು ಹಿಡಿಯಲು ಅಂಕಗಣಿತವು ಸಾಲದು. v ಯಿಂದ ಅತಿ ಸಣ್ಣ ಕೋನದಷ್ಟು ಹೊರಟರೆ ಸದಿಶವು ಯಾವ ಕಡೆಗೆ ಸರಿಯುವುದೆಂದು k × v ಯ ದಿಕ್ಕನ್ನು ನೋಡಿ ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಅದು ಪಶ್ಚಿಮವನ್ನೇ ತೋರಿಸುತ್ತಿತ್ತು.