ದಾರಿ ತಪ್ಪಿದ ಹಣವೂ ಅದನ್ನು ಮರಳಿ ಪಡೆಯುವ ಹಕ್ಕೂ

ಶಿರಸಿಯ ಸಮೀಪದ ಅಡಕೆ ಬೆಳೆಗಾರರೊಬ್ಬರು, ಹುಬ್ಬಳ್ಳಿಯ ಅಂಗಡಿಯಿಂದ ತರಿಸಿದ ಪಂಪ್‌ಸೆಟ್ಟಿನ ಬಾಬ್ತು 64,000 ರೂಪಾಯಿಗಳನ್ನು ಎನ್‌ಇಎಫ್‌ಟಿ ಮೂಲಕ ಕಳುಹಿಸುವಾಗ, ಖಾತೆಯ ಸಂಖ್ಯೆಯ ತುದಿಯಲ್ಲಿ 38 ಎಂದು ಬರೆಯಬೇಕಾದೆಡೆ 83 ಎಂದು ಬರೆದರೆಂದು ಭಾವಿಸೋಣ. ಹೆಸರಿನ ಜಾಗದಲ್ಲಿ ಅಂಗಡಿಯವರ ಹೆಸರನ್ನು ಅವರು ಒಂದಕ್ಷರವೂ ತಪ್ಪದಂತೆ ಬರೆದಿದ್ದರು; ಆದರೂ ಹಣವು ಹೋಗಿ ಸೇರಿದ್ದು ಅಂಗಡಿಗಲ್ಲ, ಅದೇ ಬ್ಯಾಂಕಿನಲ್ಲಿ ಖಾತೆಯುಳ್ಳ ಯಾರೋ ಅಪರಿಚಿತರಿಗೆ. ಹೆಸರು ಸರಿಯಿದ್ದ ಮೇಲೆ ಬ್ಯಾಂಕು ತಾಳೆ ನೋಡಬಾರದಾಗಿತ್ತೇ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೊದಲು ಏಳುವುದು ಸಹಜವೇ. ಆದರೆ 2010ರಷ್ಟು ಹಿಂದೆಯೇ ರಿಸರ್ವ್ ಬ್ಯಾಂಕು, ಇಂತಹ ವಿದ್ಯುನ್ಮಾನ ಪಾವತಿಗಳನ್ನು ಖಾತೆಯ ಸಂಖ್ಯೆಯೊಂದನ್ನೇ ಆಧರಿಸಿ ಜಮಾ ಮಾಡಬಹುದೆಂದೂ ಸಂಖ್ಯೆಯನ್ನು ಸರಿಯಾಗಿ ಒದಗಿಸುವ ಹೊಣೆ ಕಳುಹಿಸುವವರದೇ ಎಂದೂ ತಿಳಿಸಿರುವುದರಿಂದ, ಈ ಪ್ರಶ್ನೆಯು ನ್ಯಾಯವೆಂದು ತೋರಿದರೂ ಬ್ಯಾಂಕನ್ನು ಕಟ್ಟಿಹಾಕುವಷ್ಟು ಬಲವುಳ್ಳದ್ದಲ್ಲ. ತಪ್ಪು ಸಂಖ್ಯೆಯ ಖಾತೆಯೇ ಇಲ್ಲದಿದ್ದ ಪಕ್ಷದಲ್ಲಿ ಹಣವು ತಾನಾಗಿ ಹಿಂದಿರುಗುತ್ತದೆ; ಇದ್ದುಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ಬೆಳೆಗಾರರ ಹಕ್ಕು ಯಾರ ಮೇಲಿನದು? ಹಣ ಪಡೆದ ಆ ಅಪರಿಚಿತರ ಮೇಲಿನದು. ಇವರಿಗೂ ಅವರಿಗೂ ಯಾವ ಮಾತುಕತೆಯೂ ನಡೆದಿಲ್ಲ, ಯಾವ ಕರಾರೂ ಇಲ್ಲ. ಆದರೂ 1872ರ ಭಾರತೀಯ ಕರಾರು ಅಧಿನಿಯಮದ 72ನೆಯ ಕಲಮು, ತಪ್ಪು ತಿಳಿವಳಿಕೆಯಿಂದ ಕೊಡಲ್ಪಟ್ಟ ಹಣವನ್ನು ಪಡೆದವನು ಅದನ್ನು ಹಿಂದಿರುಗಿಸತಕ್ಕದ್ದೆಂದು ನೇರವಾಗಿ ವಿಧಿಸುತ್ತದೆ. ಆ ಕಲಮಿಗೆ ಶಾಸನಕರ್ತರೇ ಜೋಡಿಸಿರುವ ದೃಷ್ಟಾಂತವು ಬಹು ಸರಳವಾದುದು: ಇಬ್ಬರು ಜಂಟಿಯಾಗಿ ಒಬ್ಬನಿಗೆ ನೂರು ರೂಪಾಯಿ ಸಾಲಗಾರರು, ಒಬ್ಬನು ಪೂರ್ತಿ ತೀರಿಸಿದ್ದನ್ನರಿಯದೆ ಇನ್ನೊಬ್ಬನೂ ತೀರಿಸಿಬಿಡುತ್ತಾನೆ, ಎರಡನೆಯ ಸಲದ ನೂರನ್ನು ಸಾಲಿಗನು ಮರಳಿಸಲೇಬೇಕು. ಒಬ್ಬನ ನಷ್ಟದಿಂದ ಮತ್ತೊಬ್ಬನಿಗೆ ಲಾಭವುಂಟಾಗಿ, ಆ ಲಾಭವನ್ನು ಇಟ್ಟುಕೊಳ್ಳಲು ಅವನಿಗೆ ಯಾವ ನ್ಯಾಯವಾದ ಆಧಾರವೂ ಇಲ್ಲದಿರುವಾಗ, ಅದು ಅನ್ಯಾಯದ ಲಾಭವೆನಿಸುತ್ತದೆಂಬುದೇ ಇದರ ಹಿಂದಿರುವ ತತ್ತ್ವ.

ತಪ್ಪು ನಿಮ್ಮದೇ, ಕಣ್ಣಿಟ್ಟು ನೋಡಬೇಕಾಗಿತ್ತು ಎಂದು ಎದುರಾಳಿಯು ಹೇಳುವುದುಂಟು. ಈ ವಾದವು ಬಹು ಹಳೆಯದು. ಇದಕ್ಕೆ ಸಂದ ಉತ್ತರವೂ ಹಳೆಯದೇ. 1841ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಬಂದ ಕೆಲ್ಲಿ ಮತ್ತು ಸೊಲಾರಿ ಮೊಕದ್ದಮೆಯಲ್ಲಿ, ಕಂತು ಕಟ್ಟದೆ ವಿಮೆಯು ರದ್ದಾಗಿದ್ದುದನ್ನು ಮರೆತ ಕಂಪನಿಯ ನಿರ್ದೇಶಕರು ವಿಧವೆಗೆ ವಿಮೆಯ ಹಣವನ್ನು ಕೊಟ್ಟುಬಿಟ್ಟಿದ್ದರು. ಕೊಟ್ಟವರು ನಿಜವಾಗಿಯೂ ತಪ್ಪು ತಿಳಿದು ಕೊಟ್ಟಿದ್ದರೆ, ಅವರ ಅಜಾಗ್ರತೆಯೊಂದೇ ಮರಳಿ ಕೇಳುವ ಹಕ್ಕನ್ನು ಅಳಿಸದೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ನಮ್ಮ 72ನೆಯ ಕಲಮಿನಲ್ಲಿಯೂ ಜಾಗರೂಕನಿಗೆ ಮಾತ್ರ ಪರಿಹಾರವೆಂಬ ನಿರ್ಬಂಧ ಕಾಣದು.

ಹಕ್ಕು ಇಷ್ಟು ಸ್ಪಷ್ಟವಾಗಿದ್ದರೂ ಅದನ್ನು ಕೈಗೂಡಿಸಿಕೊಳ್ಳುವಲ್ಲಿ ಕಾಲವೇ ಮುಖ್ಯ. ಏಕೆಂದರೆ ಆ ಖಾತೆಯಿಂದ ಹಣವು ಎಟಿಎಂ ಮೂಲಕ ಹೊರಬಿದ್ದ ಮೇಲೆ ಅದನ್ನು ಹುಡುಕುವ ದಾರಿ ದೀರ್ಘವಾಗುತ್ತದೆ. ಆದುದರಿಂದ ನಮ್ಮ ಬೆಳೆಗಾರರು ತಪ್ಪು ತಿಳಿದ ದಿನವೇ ತಮ್ಮ ಶಾಖೆಗೆ ಹೋಗಿ, ಪಾವತಿಯ ದಿನಾಂಕ, ಮೊತ್ತ, ಬರೆದ ಸಂಖ್ಯೆ, ಬರೆಯಬೇಕಾಗಿದ್ದ ಸಂಖ್ಯೆ, ಮತ್ತು ಎನ್‌ಇಎಫ್‌ಟಿಯಲ್ಲಿ ಹದಿನಾರು ಅಕ್ಷರಗಳುಳ್ಳ ಯುಟಿಆರ್ ಸಂಖ್ಯೆ, ಇಷ್ಟನ್ನೂ ನಮೂದಿಸಿದ ಅರ್ಜಿಯನ್ನು ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡರು. ಬಾಯಿಮಾತಿನಲ್ಲಿ ಹೇಳಿ ಬರುವವರಿಗೆ ಮುಂದೆ ಸಾಕ್ಷ್ಯವಿರುವುದಿಲ್ಲ. ಇವರ ಬ್ಯಾಂಕು ಹಣ ಹೋಗಿ ಸೇರಿದ ಬ್ಯಾಂಕಿಗೆ ಬರೆಯಿತು. ಆ ಬ್ಯಾಂಕು ತನ್ನ ಗ್ರಾಹಕರ ಒಪ್ಪಿಗೆ ಕೇಳಿತು. ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಯಿಂದ ಹಣ ತೆಗೆಯಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅವರ ಹೆಸರು ವಿಳಾಸಗಳನ್ನು ಅನ್ಯರಿಗೆ ಹೇಳುವುದೂ ಇಲ್ಲ. ಗೋಪ್ಯತೆಯ ಈ ನಿಯಮವು ಹಣ ಕಳೆದುಕೊಂಡವರಿಗೆ ಕಹಿಯಾದರೂ, ನಾಳೆ ಯಾರೋ ಸುಳ್ಳು ಅರ್ಜಿ ಬರೆದು ನಮ್ಮ ಖಾತೆಯಿಂದ ಹಣ ತೆಗೆಸದಂತೆ ಕಾಯುವುದೂ ಇದೇ. ಬ್ಯಾಂಕು ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರವು ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಮೂಲಕ ಶುಲ್ಕವಿಲ್ಲದೆ ದೂರಬಹುದು. ಆದರೆ ಓಂಬುಡ್ಸ್‌ಮನ್ ವಿಚಾರಿಸುವುದು ಬ್ಯಾಂಕಿನ ಸೇವಾಲೋಪವನ್ನು. ಹಣ ಪಡೆದವನ ಹಟವನ್ನಲ್ಲ.

ಆ ಅಪರಿಚಿತರು ಇಪ್ಪತ್ತು ಸಾವಿರವನ್ನು ಆಗಲೇ ಖರ್ಚು ಮಾಡಿ, ಉಳಿದುದನ್ನೂ ಕೊಡಲೊಲ್ಲೆನೆಂದರೆ? ಆಗ ವಕೀಲರ ನೋಟೀಸು ಬ್ಯಾಂಕಿನ ಮೂಲಕ ಅವರಿಗೆ ತಲಪಬೇಕು. ಅದರಲ್ಲಿ ಬಡ್ಡಿಯನ್ನೂ ಕೇಳಲಾಗುವುದೆಂಬ ಒಂದು ವಾಕ್ಯವನ್ನು ಸೇರಿಸಲು ಮರೆಯಬಾರದು, ಏಕೆಂದರೆ 1978ರ ಬಡ್ಡಿ ಅಧಿನಿಯಮದಂತೆ ಹಾಗೆ ಬರೆದ ನೋಟೀಸಿನ ದಿನದಿಂದ ನ್ಯಾಯಾಲಯವು ಬಡ್ಡಿ ಕೊಡಿಸಬಹುದಾಗಿದೆ. ಸಿವಿಲ್ ದಾವೆಯಲ್ಲಿ ಬ್ಯಾಂಕನ್ನೂ ಪ್ರತಿವಾದಿಯಾಗಿ ಸೇರಿಸಿ, ಖಾತೆದಾರರ ವಿವರವನ್ನು ನ್ಯಾಯಾಲಯದ ಆದೇಶದಿಂದ ತರಿಸಿಕೊಳ್ಳುವಂತೆ ಪ್ರಾರ್ಥಿಸಬಹುದು. ದಾವೆಗೆ ಅವಧಿಯು ಸಾಧಾರಣವಾಗಿ ಮೂರು ವರ್ಷ. ತಪ್ಪಿನ ಕಾರಣ ಕೇಳುವ ಪರಿಹಾರವಾದುದರಿಂದ, 1963ರ ಕಾಲಮಿತಿ ಅಧಿನಿಯಮದ 17ನೆಯ ಕಲಮಿನಂತೆ, ತಪ್ಪು ತಿಳಿದ ದಿನದಿಂದ ಅಥವಾ ತಕ್ಕ ಜಾಗ್ರತೆಯಿಂದ ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ ಮೊದಲಾಗುತ್ತದೆ.

ಆದರೂ 64,000 ರೂಪಾಯಿಗಾಗಿ ವರ್ಷಗಟ್ಟಲೆ ಕಟಕಟೆ ಹತ್ತುವುದಕ್ಕಿಂತ, ದಾವೆ ಹೂಡುವ ಮುನ್ನವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಉಳಿದ 44,000 ಕೂಡಲೇ, ಖರ್ಚಾದ 20,000 ಕಂತುಗಳಲ್ಲಿ ಎಂದು ಇಬ್ಬರೂ ಒಪ್ಪಿದರೆ, ಅಲ್ಲಿಯ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲೂ ಇಲ್ಲ. ಒಪ್ಪಂದವಾಗದಿದ್ದರೆ ದಾವೆಯ ದಾರಿ ತೆರೆದೇ ಇರುತ್ತದೆ.

ಪೊಲೀಸರ ಬಳಿಗೆ ಓಡುವವರೂ ಉಂಟು. ಪರರ ಹಣವೆಂದು ತಿಳಿದ ಮೇಲೆಯೂ ಅಪ್ರಾಮಾಣಿಕವಾಗಿ ಉಳಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನ ಪ್ರಕಾರ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷ ಮೀರದ ಸೆರೆವಾಸದ ಅಪರಾಧವಾಗಬಹುದು; ಆದರೆ ಹಣ ಬಂದದ್ದೇ ಅಪರಾಧವಲ್ಲ, ತಿಳಿದೂ ಕೊಡದಿರುವ ಮನೋಭಾವವನ್ನು ರುಜುವಾತು ಮಾಡಬೇಕು. ಮೋಸದ ಹಣಕ್ಕಾಗಿ ಇರುವ 1930 ಎಂಬ ದೂರವಾಣಿಗೆ, ತಾವೇ ತಪ್ಪಾಗಿ ಕಳುಹಿಸಿದ ಹಣದ ದೂರನ್ನು ಮೋಸವೆಂದು ಹೆಸರಿಟ್ಟು ಹೇಳುವುದಂತೂ ತರವಲ್ಲ.

ಇತ್ತೀಚೆಗೆ ರಿಸರ್ವ್ ಬ್ಯಾಂಕು ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್ ಪಾವತಿಗಳಲ್ಲಿ ಹಣ ಕಳುಹಿಸುವ ಮುನ್ನವೇ ಖಾತೆದಾರರ ಹೆಸರನ್ನು ತೋರಿಸುವ ಏರ್ಪಾಡನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಬೆಳೆಗಾರರು ಅದನ್ನೊಮ್ಮೆ ನೋಡಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ.

ಇನ್ನು ಹಣವು ತಮ್ಮ ಖಾತೆಗೆ ತಪ್ಪಾಗಿ ಬಂದವರಿಗೊಂದು ಮಾತು. ನಾನು ಕಳುಹಿಸಿದ ಹಣ, ಈ ಸಂಖ್ಯೆಗೆ ಹಿಂದಿರುಗಿಸಿ ಎಂದು ಯಾರಾದರೂ ದೂರವಾಣಿಯಲ್ಲಿ ಕೇಳಿದ ಮಾತ್ರಕ್ಕೆ ಬೇರೊಂದು ಖಾತೆಗೆ ಕಳುಹಿಸಬೇಡಿ. ಕರೆ ಮಾಡಿದವರು ವಂಚಕರಾಗಿರಬಹುದು, ಮತ್ತು ಹಾಗೆ ಕೊಟ್ಟರೂ ನಿಜವಾದ ಒಡೆಯರಿಗೆ ನೀವು ಇನ್ನೊಮ್ಮೆ ಕೊಡಬೇಕಾಗಿ ಬರಬಹುದು. ನಿಮ್ಮ ಶಾಖೆಗೆ ಲಿಖಿತವಾಗಿ ತಿಳಿಸಿ, ಹಣ ಬಂದ ಖಾತೆಗೇ ಬ್ಯಾಂಕಿನ ಮೂಲಕ ಹಿಂದೆ ಕಳುಹಿಸುವಂತೆ ಬರೆದುಕೊಟ್ಟು, ರಸೀದಿ ಪಡೆದಿಟ್ಟುಕೊಳ್ಳಿ.